ಕಂತು ಹದಿನಾಲ್ಕೂವರೆ ಸಾವಿರ, ಕಾರಿನ ಖರ್ಚು ಎಷ್ಟು?

ಪ್ರಶ್ನೆ: ನಮ್ಮ ಮನೆ ಕಟಪಾಡಿಯಲ್ಲಿ. ನನಗೆ ಮಣಿಪಾಲದಲ್ಲಿ ಕೆಲಸ, ಹೆಂಡತಿ ಉಡುಪಿಯ ಶಾಲೆಯಲ್ಲಿ ಟೀಚರ್. ಇಬ್ಬರದ್ದೂ ಸೇರಿ ತಿಂಗಳಿಗೆ 82,000 ಕೈಗೆ ಬರುತ್ತದೆ. ಮನೆ ಸಾಲದ ಕಂತು 19,000. ಮನೆ ಖರ್ಚು, ಮಗಳ ಫೀಸು, ಅಮ್ಮನ ಮದ್ದು ಎಲ್ಲ ಸೇರಿ 33,000. ಇನ್ಶೂರೆನ್ಸ್ 5,000, ಆರ್‌ಡಿ ಮತ್ತು ಎಸ್‌ಐಪಿ 10,000. ಉಳಿಯುವುದು 15,000. ಎಫ್‌ಡಿಯಲ್ಲಿ ಮೂರೂವರೆ ಲಕ್ಷ ಇದೆ. ಆನ್‌ರೋಡ್ 10.8 ಲಕ್ಷದ ಕಾರು ನೋಡಿದ್ದೇವೆ. 1.8 ಲಕ್ಷ ಕಟ್ಟಿದರೆ ಉಳಿದ 9 ಲಕ್ಷಕ್ಕೆ ಏಳು ವರ್ಷದ ಸಾಲ, ಶೇ. 9 ಬಡ್ಡಿ, ಕಂತು 14,480 ಅಂತ ಶೋರೂಮಿನವರು ಹೇಳುತ್ತಾರೆ. ಸರಿಯಾಗಿ ಕೂತುಕೊಳ್ಳುತ್ತದೆ ಅಲ್ವಾ? ಮಳೆಗಾಲದಲ್ಲಿ ದಿನಾ ಓಡಿಸುತ್ತೇವೆ, ಉಳಿದ ಸಮಯ ಸ್ಕೂಟರೇ. ಆಗಾಗ ಬೆಳ್ತಂಗಡಿಯ ಹೆಂಡತಿ ಮನೆಗೆ ಹೋಗಿ ಬರುವುದು ಇದೆ. ತಿಂಗಳಿಗೆ 800 ಕಿ.ಮೀ. ಆಗಬಹುದು. ಭಾವ ಮಾತ್ರ ಸೆಕೆಂಡ್ ಹ್ಯಾಂಡ್ ತಗೊಳ್ಳಿ ಅಂತಿದ್ದಾರೆ.

ಉತ್ತರ: ಇಲ್ಲ, ಕೂತುಕೊಳ್ಳುವುದಿಲ್ಲ. ಈ ಕಾರು ತಗೊಂಡರೆ ನಿಮಗೆ ತಿಂಗಳಿಗೆ ಆರು ಸಾವಿರದಷ್ಟು ಕಮ್ಮಿ ಬೀಳುತ್ತದೆ. ಇವತ್ತಿನ ಸ್ಥಿತಿಯಲ್ಲಿ ನಿಮ್ಮ ಕೈಗೆ ಎಟಕುವುದು ಆನ್‌ರೋಡ್ ಐದು ಲಕ್ಷ ಚಿಲ್ಲರೆಯ ಕಾರು. ಒಂದು ವರ್ಷ ತಡೆದರೆ ಏಳು ಲಕ್ಷದ್ದು. ಈ ಲೆಕ್ಕ ಹೇಗೆ ಬಂತು ಅಂತ ಹೇಳುತ್ತೇನೆ. ನಿಮ್ಮ ಅಂಕಿ ಸ್ವಲ್ಪ ಬೇರೆ ಇದ್ದರೆ ನೀವೇ ಬದಲಾಯಿಸಿ ನೋಡಬಹುದು.

ನೀವು ಉಳಿಕೆ 15,000ವನ್ನೂ ಕಂತು 14,480ನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದೀರಿ. ಕಾರು ಮನೆ ಮುಂದೆ ನಿಂತೇ ಇರುವುದಾದರೆ ಇದು ಸರಿ. ಓಡಿಸಬೇಕಲ್ಲ. ನೀವು ನೋಡಿದ ಗಾತ್ರದ ಪೆಟ್ರೋಲ್ ಕಾರು ನಮ್ಮ ಕಡೆಯ ಏರು ತಗ್ಗು, ಎಸಿ, ಉಡುಪಿ ಪೇಟೆಯ ಟ್ರಾಫಿಕ್ ಎಲ್ಲ ಸೇರಿ ಲೀಟರಿಗೆ 15 ಕಿ.ಮೀ. ಕೊಟ್ಟರೆ ಚೆನ್ನಾಗಿ ಕೊಟ್ಟ ಹಾಗೆ. ಕಂಪನಿಯವರ ಕಾಗದದಲ್ಲಿ ಇಪ್ಪತ್ತು ಅಂತ ಇರುತ್ತದೆ, ಅದನ್ನು ಲೆಕ್ಕಕ್ಕೆ ತಗೊಳ್ಳಬೇಡಿ. 800 ಕಿ.ಮೀ.ಗೆ 53 ಲೀಟರ್, ಲೀಟರಿಗೆ 103 ರೂಪಾಯಿಯಂತೆ ಹಿಡಿದರೆ 5,500 ರೂಪಾಯಿ. ಎರಡನೇ ವರ್ಷದಿಂದ ಇನ್ಶೂರೆನ್ಸ್ ನೀವೇ ಕಟ್ಟಬೇಕು, ವರ್ಷಕ್ಕೆ 18,000 ಅಂದುಕೊಂಡರೆ ತಿಂಗಳಿಗೆ 1,500. ಸರ್ವಿಸ್ ಮೊದಲೆರಡು ವರ್ಷ ಕಮ್ಮಿ, ಆಮೇಲೆ ಏರುತ್ತದೆ. ಸರಾಸರಿ 900 ಇಡಿ. ನಾಲ್ಕೈದು ವರ್ಷಕ್ಕೊಮ್ಮೆ ಟಯರ್, ಬ್ಯಾಟರಿ ಬದಲಾಯಿಸಬೇಕು, ಅದಕ್ಕೆ 500. ಟೋಲ್, ಪಾರ್ಕಿಂಗ್, ವಾಷಿಂಗ್, ಹೊಗೆ ತಪಾಸಣೆ, ಮಳೆಗಾಲದ ಮೊದಲು ಅಡಿಗೆ ತುಕ್ಕು ನಿರೋಧಕ ಕೋಟಿಂಗ್ ಹೊಡೆಸುವುದು, ಇವಕ್ಕೆ ಒಟ್ಟು 600. ಸೇರಿಸಿದರೆ 9,000 ಆಯಿತು.

ಕಂತು ಸೇರಿದರೆ ತಿಂಗಳಿಗೆ 23,480. ಈಗ ಬಸ್ಸು, ಆಟೋ, ಬೆಳ್ತಂಗಡಿಗೆ ಬಾಡಿಗೆ ಕಾರು ಅಂತ ಮಾಡುವ ಖರ್ಚಿನಲ್ಲಿ 2,500 ಉಳಿಯಬಹುದು. ಅಂದರೆ ಕೈಯಲ್ಲಿ ಇರುವುದು 17,500. ಕೊರತೆ ಸುಮಾರು 6,000.

ಈ ಕೊರತೆ ಮೊದಲ ತಿಂಗಳಲ್ಲಿ ಕಾಣುವುದಿಲ್ಲ. ಮೊದಲ ವರ್ಷ ಇನ್ಶೂರೆನ್ಸ್ ಆನ್‌ರೋಡ್ ಬೆಲೆಯಲ್ಲೇ ಸೇರಿರುತ್ತದೆ, ಸರ್ವಿಸಿನಲ್ಲಿ ಆಯಿಲ್‌ಗೆ ಮಾತ್ರ ದುಡ್ಡು, ಟಯರ್ ಹೊಸದು. ಹಾಗಾಗಿ ಎಲ್ಲ ಸಲೀಸು ಅನಿಸುತ್ತದೆ. ಎರಡನೇ ವರ್ಷ ಶಾಲೆ ಫೀಸೂ ಇನ್ಶೂರೆನ್ಸೂ ಒಂದೇ ತಿಂಗಳಲ್ಲಿ ಬಂದಾಗ ಕ್ರೆಡಿಟ್ ಕಾರ್ಡ್ ಹೊರಗೆ ಬರುತ್ತದೆ. ಆಮೇಲೆ ಎಸ್‌ಐಪಿ ನಿಲ್ಲುತ್ತದೆ. ಕಾರು ಕೈಮೀರಿದೆ ಅನ್ನುವುದಕ್ಕೆ ಇದೇ ಗುರುತು: ಕಂತು ಯಾವತ್ತೂ ತಪ್ಪಿರುವುದಿಲ್ಲ, ಉಳಿತಾಯ ನಿಂತಿರುತ್ತದೆ.

ಬ್ಯಾಂಕು ಸಾಲ ಕೊಡುತ್ತದಾ ಅಂತ ಕೇಳಿದರೆ, ಬಹುಶಃ ಕೊಡುತ್ತದೆ. ಮನೆ ಸಾಲದ ಕಂತು, ಕಾರಿನ ಕಂತು ಸೇರಿ ನಿಮ್ಮ ಆದಾಯದ ಶೇ. 41ರಷ್ಟು. ಅಷ್ಟಕ್ಕೆ ಸಾಮಾನ್ಯವಾಗಿ ತಕರಾರು ಇರುವುದಿಲ್ಲ. ಆದರೆ ಅವರು ನೋಡುವುದು ಕಂತು ವಾಪಸ್ ಬರುತ್ತದಾ ಅಂತ. ನಿಮ್ಮ ಅಮ್ಮನ ಮದ್ದಿನ ಬಿಲ್ಲೂ ನಿಮ್ಮ ಪೆಟ್ರೋಲ್ ಬಿಲ್ಲೂ ಆ ಲೆಕ್ಕದಲ್ಲಿ ಇರುವುದಿಲ್ಲ.

ಈಗ ಲೆಕ್ಕವನ್ನು ತಿರುಗಿಸಿ ಹಾಕೋಣ. ಕಾರಿನ ಬೆಲೆಯಿಂದ ಕಂತಿಗೆ ಬರುವ ಬದಲು, ತಿಂಗಳ ಉಳಿಕೆಯಿಂದ ಬೆಲೆಗೆ ಹೋಗಬೇಕು. 17,500ರಲ್ಲಿ 3,000 ಮುಟ್ಟದೆ ಬಿಡಿ. ಮನೆ ಸಾಲದ ಬಡ್ಡಿ ಏರಬಹುದು, ಆಸ್ಪತ್ರೆ ಖರ್ಚು ಬರಬಹುದು. ಉಳಿದ 14,500 ಕಾರಿನ ಒಟ್ಟು ಪಾಲು. ಕಂತು, ಪೆಟ್ರೋಲ್, ಇನ್ಶೂರೆನ್ಸ್ ಎಲ್ಲ ಇದರೊಳಗೆ ಮುಗಿಯಬೇಕು. ಸಣ್ಣ ಹ್ಯಾಚ್‌ಬ್ಯಾಕ್ ಆದರೆ ಓಡಿಸುವ ಖರ್ಚೂ ಇಳಿಯುತ್ತದೆ. ಲೀಟರಿಗೆ 18 ಕಿ.ಮೀ. ಹಿಡಿದರೆ ಪೆಟ್ರೋಲಿಗೆ 4,600. ಇನ್ಶೂರೆನ್ಸ್ 1,250. ಸರ್ವಿಸ್, ಟಯರ್, ಚಿಲ್ಲರೆ ಖರ್ಚೆಲ್ಲ ಸೇರಿ 1,750. ಒಟ್ಟು 7,600. ಕಂತಿಗೆ ಉಳಿಯುವುದು 6,900.

ಶೇ. 9 ಬಡ್ಡಿಯಲ್ಲಿ ಐದು ವರ್ಷದ ಸಾಲಕ್ಕೆ ಲಕ್ಷಕ್ಕೆ 2,076 ರೂಪಾಯಿ ಕಂತು ಬೀಳುತ್ತದೆ. ಈ ಒಂದು ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು. 6,900ನ್ನು ಅದರಿಂದ ಭಾಗಿಸಿದರೆ 3.3 ಲಕ್ಷ. ಇದು ನಿಮ್ಮ ಸಾಲದ ಮಿತಿ. ಎಫ್‌ಡಿಯಿಂದ ಎರಡು ಲಕ್ಷ ತೆಗೆಯಿರಿ, ಒಂದೂವರೆ ಲಕ್ಷ ಅಲ್ಲೇ ಇರಲಿ. ಅದು ಕಾರಿನ ದುಡ್ಡಲ್ಲ, ಮನೆಯ ಆಪತ್ತಿನ ದುಡ್ಡು. ಸೇರಿಸಿದರೆ ಆನ್‌ರೋಡ್ 5.3 ಲಕ್ಷ.

ಅಷ್ಟಕ್ಕೆ ಎಂಟ್ರಿ ಮಟ್ಟದ ಹೊಸ ಕಾರು ಅಥವಾ ಚೆನ್ನಾಗಿ ಇಟ್ಟುಕೊಂಡ ಹಳೆಯ ಹ್ಯಾಚ್‌ಬ್ಯಾಕ್ ಸಿಗುತ್ತದೆ. ಅಮ್ಮನಿಗೆ ಹತ್ತಿ ಇಳಿಯಲು ಸುಲಭದ ಕಾರೇ ಬೇಕು ಅಂದರೆ ಒಂದು ವರ್ಷ ಕಾಯಿರಿ. ಆದರೆ ಸುಮ್ನೆ ಕಾಯುವುದಲ್ಲ. ಉಳಿಕೆಯ 15,000ದಲ್ಲಿ 14,500ನ್ನು ಪ್ರತಿ ತಿಂಗಳು ಬೇರೆ ಆರ್‌ಡಿಗೆ ಹಾಕಿ. ವರ್ಷಕ್ಕೆ 1.74 ಲಕ್ಷ ಅಸಲೇ ಆಗುತ್ತದೆ. ಆಗ ಆನ್‌ರೋಡ್ ಏಳು ಲಕ್ಷದ ಕಾರು ಅದೇ 3.3 ಲಕ್ಷದ ಸಾಲದಲ್ಲಿ ಬರುತ್ತದೆ. ಈಗ ನಿಮಗೆ ಬಸ್ಸು, ಆಟೋ ಖರ್ಚೂ ಇದೆ, ಹಾಗಾಗಿ ಆರ್‌ಡಿ ಕಟ್ಟಿದ ಮೇಲೆ ಕೈಯಲ್ಲಿ ಉಳಿಯುವುದು ಬರೀ 500. ಬಿಗಿಯೇ. ನಾಲ್ಕು ತಿಂಗಳಲ್ಲಿ ಎರಡು ಸಲ ಆರ್‌ಡಿ ತಪ್ಪಿತು ಅಂದರೆ ಕಾರಿನ ಪಾಲು 14,500 ಅಲ್ಲ, ಅದಕ್ಕಿಂತ ಕಮ್ಮಿ ಅಂತ ಗೊತ್ತಾಯಿತು. ಕಾರು ತರುವ ಮೊದಲೇ ಗೊತ್ತಾದದ್ದು ಒಳ್ಳೆಯದಾಯಿತು.

ಎರಡೂ ಕಾರನ್ನು ಏಳು ವರ್ಷ ಇಟ್ಟುಕೊಂಡು ಮಾರಿದರೆ ಒಟ್ಟು ಎಷ್ಟು ಬೀಳುತ್ತದೆ ನೋಡಿ. ದೊಡ್ಡ ಕಾರಿಗೆ ಬೆಲೆ 10.8 ಲಕ್ಷ, ಬಡ್ಡಿ 3.16 ಲಕ್ಷ, ಓಡಿಸಿದ ಖರ್ಚು 7.56 ಲಕ್ಷ. ಕೊನೆಗೆ 3.2 ಲಕ್ಷಕ್ಕೆ ಮಾರಿದಿರಿ ಅನ್ನಿ, ನಿಮ್ಮ ಕೈಯಿಂದ ಹೋದದ್ದು 18.3 ಲಕ್ಷ. ಸಣ್ಣ ಕಾರಿಗೆ ಬೆಲೆ 7 ಲಕ್ಷ, ಬಡ್ಡಿ ಸುಮಾರು 81,000, ಓಡಿಸಿದ ಖರ್ಚು 6.38 ಲಕ್ಷ, ಮಾರಿದಾಗ 2.2 ಲಕ್ಷ ವಾಪಸ್. ಹೋದದ್ದು 12 ಲಕ್ಷ. ಶೋರೂಮಿನಲ್ಲಿ ಇವೆರಡರ ನಡುವೆ ಕಾಣುವ ಅಂತರ 3.8 ಲಕ್ಷ. ಕೈಬಿಟ್ಟು ಹೋಗುವ ಅಂತರ 6.3 ಲಕ್ಷ. ಮಾರುವ ಬೆಲೆ ನನ್ನ ಅಂದಾಜು, ಹೆಚ್ಚು ಕಮ್ಮಿ ಆಗಬಹುದು. ಆದರೆ ಅಂತರ ಅಳಿಸಿಹೋಗುವಷ್ಟು ಬದಲಾಗುವುದಿಲ್ಲ.

ಏಳು ವರ್ಷದ ಸಾಲದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಿಮ್ಮನ್ನು ಈ ಕಾರಿನ ಹತ್ತಿರ ತಂದು ನಿಲ್ಲಿಸಿದ್ದೇ ಅದು. ಅದೇ 9 ಲಕ್ಷಕ್ಕೆ ಐದು ವರ್ಷವಾದರೆ ಕಂತು 18,682. ಈ ಸಂಖ್ಯೆ ಕೇಳಿದ್ದರೆ ನೀವೇ ಬೇಡ ಅನ್ನುತ್ತಿದ್ದಿರಿ. ಎರಡು ವರ್ಷ ಉದ್ದ ಮಾಡಿದಾಗ ಕಂತು ನಿಮ್ಮ ಉಳಿಕೆಯ ಒಳಗೆ ಬಂತು. ಬೆಲೆ ಮಾತ್ರ ಒಂದು ರೂಪಾಯಿಯೂ ಇಳಿದಿಲ್ಲ, ಬಡ್ಡಿ ಸುಮಾರು 95,000 ಏರಿತು.

ಆ 95,000ಕ್ಕಿಂತ ನನಗೆ ಹೆಚ್ಚು ಕಿರಿಕಿರಿ ಅನಿಸುವುದು ಇನ್ನೊಂದು. ಕಾರಿನ ಮೌಲ್ಯ ಇಳಿಯುವಷ್ಟು ವೇಗದಲ್ಲಿ ಈ ಸಾಲ ಇಳಿಯುವುದಿಲ್ಲ. ಇನ್ಶೂರೆನ್ಸ್ ಪಾಲಿಸಿಯಲ್ಲಿ ಐಡಿವಿ ಅಂತ ಒಂದು ಅಂಕಿ ಇರುತ್ತದೆ. ಕಾರು ಕಳವಾದರೆ ಅಥವಾ ರಿಪೇರಿಯೇ ಆಗದಷ್ಟು ಜಖಂ ಆದರೆ ಕಂಪನಿ ಕೊಡುವ ಹೆಚ್ಚೆಂದರೆ ಮೊತ್ತ ಅದು. ಮೂರು ವರ್ಷ ದಾಟಿದ ಕಾರಿಗೆ ಸಾಮಾನ್ಯ ಪಟ್ಟಿಯಂತೆ ಶೇ. 40 ಕಳೆಯುತ್ತಾರೆ. ಅದೂ ಆನ್‌ರೋಡ್ ಬೆಲೆಯಿಂದ ಅಲ್ಲ, ಎಕ್ಸ್‌ಶೋರೂಮ್ ಬೆಲೆಯಿಂದ. ರಸ್ತೆ ತೆರಿಗೆಗೆ ಕೊಟ್ಟ ದುಡ್ಡು ಅದರಲ್ಲಿ ಲೆಕ್ಕಕ್ಕೇ ಇಲ್ಲ. ನಿಮ್ಮ ಕಾರಿನ ಎಕ್ಸ್‌ಶೋರೂಮ್ ಬೆಲೆ 9 ಲಕ್ಷದ ಹತ್ತಿರ ಇರಬೇಕು, ಅಂದರೆ ಐಡಿವಿ 5.4 ಲಕ್ಷ. ಆ ಹೊತ್ತಿಗೆ ಏಳು ವರ್ಷದ ಸಾಲದಲ್ಲಿ ಬಾಕಿ 5.82 ಲಕ್ಷ. ಅಂದರೆ ಕಾರೂ ಹೋಯಿತು, ಇನ್ಶೂರೆನ್ಸ್ ದುಡ್ಡೆಲ್ಲ ಬ್ಯಾಂಕಿಗೆ ಹೋಯಿತು, ಮೇಲಿಂದ 42,000 ನೀವು ಕಟ್ಟಬೇಕು. ಅದೇ ಐದು ವರ್ಷದ ಸಾಲದಲ್ಲಿ ಬಾಕಿ 4.09 ಲಕ್ಷ, 1.3 ಲಕ್ಷ ನಿಮ್ಮ ಕೈಗೆ ಬರುತ್ತಿತ್ತು. ರಿಟರ್ನ್ ಟು ಇನ್‌ವಾಯ್ಸ್ ಅನ್ನುವ ಹೆಚ್ಚುವರಿ ಕವರ್ ಈ ಕಂದಕ ತುಂಬುತ್ತದೆ. ಆದರೆ ಅದನ್ನು ಸಾಮಾನ್ಯವಾಗಿ ಮೊದಲ ಕೆಲವು ವರ್ಷಕ್ಕೆ ಮಾತ್ರ ಕೊಡುತ್ತಾರೆ.

ಹಾಗಾಗಿ ಐದು ವರ್ಷದ ಕಂತು ಕೊಡಲು ಆಗದ ಕಾರು ನಿಮಗೆ ದೊಡ್ಡದಾಯಿತು ಅಂತ ತಿಳಿಯಿರಿ. ಮನೆ ಸಾಲಕ್ಕೆ ಈ ನಿಯಮ ಬೇಡ, ಜಾಗದ ಬೆಲೆ ಬೇರೆ ಥರ ಹೋಗುತ್ತದೆ.

ಬಡ್ಡಿ ದರ ಕೇಳುವಾಗ ಒಂದು ವಿಷಯ ಗಮನಿಸಿ. ಯಾರಾದರೂ "ಶೇ. 5.5 ಮಾತ್ರ" ಅಂದರೆ ಅದು ಫ್ಲಾಟ್ ದರವಾ, ಬಾಕಿ ಇಳಿದ ಹಾಗೆ ಇಳಿಯುವ ದರವಾ ಅಂತ ಕೇಳಿ. ಫ್ಲಾಟ್ ಅಂದರೆ ನೀವು ಅಸಲು ತೀರಿಸುತ್ತಾ ಬಂದರೂ ಕೊನೆಯ ತಿಂಗಳವರೆಗೆ ಪೂರ್ತಿ ಸಾಲದ ಮೇಲೆ ಬಡ್ಡಿ. ಲಕ್ಷಕ್ಕೆ ವರ್ಷಕ್ಕೆ 5,500ರಂತೆ ಐದು ವರ್ಷಕ್ಕೆ 27,500 ಬಡ್ಡಿ, ಕಂತು 2,125. ನಿಜವಾದ ದರ ಶೇ. 10 ಆಯಿತು! ಬ್ಯಾಂಕಿನವರ ಶೇ. 9ರಲ್ಲಿ ಕಂತು 2,076 ಇತ್ತಲ್ಲ, ಅದಕ್ಕಿಂತ ಇದು ದುಬಾರಿ. ದರ ಯಾವ ಹೆಸರಲ್ಲೇ ಹೇಳಲಿ, ಲಕ್ಷಕ್ಕೆ ಎಷ್ಟು ಕಂತು, ಎಷ್ಟು ತಿಂಗಳು ಅಂತ ಕೇಳಿ ಹೋಲಿಸಿದರೆ ಮೋಸ ಹೋಗುವುದಿಲ್ಲ.

2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಇಂಥ ಸಾಲಗಳಿಗೆ ಬ್ಯಾಂಕು, ಫೈನಾನ್ಸ್ ಕಂಪನಿಗಳು ಸಹಿಗೆ ಮೊದಲೇ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೊಡಬೇಕು. ಪ್ರೊಸೆಸಿಂಗ್ ಫೀ ಮತ್ತು ಉಳಿದ ಶುಲ್ಕಗಳನ್ನೆಲ್ಲ ಸೇರಿಸಿ ವಾರ್ಷಿಕ ದರ ಎಷ್ಟಾಗುತ್ತದೆ ಅಂತ ಅದರಲ್ಲಿ ಬರೆದಿರುತ್ತದೆ. ಅದನ್ನೇ ಮನೆಗೆ ತಂದು ನೋಡಿ. ಸಾಲದ ಮೊತ್ತಕ್ಕೆ ಸಾಲ ವಿಮೆ, ಸೀಟ್ ಕವರ್, ಕೋಟಿಂಗ್ ಪ್ಯಾಕೇಜ್ ಅಂತ ಏನಾದರೂ ಸೇರಿಕೊಂಡಿದೆಯಾ ಅಂತಲೂ ಅಲ್ಲೇ ಗೊತ್ತಾಗುತ್ತದೆ. ಸೀಟ್ ಕವರಿಗೆ ಐದು ವರ್ಷ ಬಡ್ಡಿ ಕಟ್ಟುವುದು ಯಾಕೆ ಮಾರಾಯ್ರೆ? ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ, ಕರ್ಣಾಟಕ ಅಂತ ಐದು ಬ್ಯಾಂಕು ಹುಟ್ಟಿದ ಕರಾವಳಿ ನಮ್ಮದು. ಶೋರೂಮಿನ ಮೇಜಿನ ಮೇಲೆ ಇರುವ ಒಂದೇ ಬ್ಯಾಂಕಿನ ಕಾಗದಕ್ಕೆ ಸಹಿ ಹಾಕಬೇಕಾಗಿಲ್ಲ. ನಿಮ್ಮ ಸಂಬಳ ಬರುವ ಶಾಖೆಯಲ್ಲೂ ಒಂದು ಸಲ ವಿಚಾರಿಸಿ.

ಬೋನಸ್, ಚಿಟ್ ಫಂಡ್ ದುಡ್ಡು ಬಂದಾಗ ಬೇಗ ಮುಗಿಸುವ ಆಲೋಚನೆ ಇದ್ದರೆ ಫ್ಲೋಟಿಂಗ್, ಅಂದರೆ ಅವಧಿಯ ನಡುವೆ ಏರಿಳಿಯುವ ದರದ ಸಾಲ ಒಳ್ಳೆಯದು. ವ್ಯಕ್ತಿಗಳು ಸ್ವಂತಕ್ಕೆ ತಗೊಂಡ ಫ್ಲೋಟಿಂಗ್ ಸಾಲವನ್ನು ಅವಧಿಗೆ ಮೊದಲು ತೀರಿಸಿದರೆ ದಂಡ ಹಾಕುವಂತಿಲ್ಲ. ಫಿಕ್ಸೆಡ್ ದರದ ಸಾಲದಲ್ಲಿ ಹಾಕಬಹುದು.

ಒಂದು ವರ್ಷದ ನಂತರ ಶೋರೂಮಿಗೆ ಹೋದಾಗ ಇನ್ನೊಂದು ಮೆಟ್ಟಿಲು ಎದುರಾಗುತ್ತದೆ. "ಸ್ವಲ್ಪ ಮೇಲಿನ ಮಾಡೆಲ್, ತಿಂಗಳಿಗೆ ಸಾವಿರ ಜಾಸ್ತಿ ಅಷ್ಟೇ" ಅನ್ನುತ್ತಾರೆ. ಆ ಸಾವಿರದ ಹಿಂದೆ ಏನಿದೆ ಗೊತ್ತಾ? ಲಕ್ಷಕ್ಕೆ 2,076ರ ಲೆಕ್ಕದಲ್ಲಿ ಅದು 48,000 ರೂಪಾಯಿ ಸಾಲ. ಕರ್ನಾಟಕದಲ್ಲಿ ರಸ್ತೆ ತೆರಿಗೆಯೂ ಹಂತ ಹಂತವಾಗಿ ಏರುತ್ತದೆ. ಎಕ್ಸ್‌ಶೋರೂಮ್ ಬೆಲೆ 5ರಿಂದ 10 ಲಕ್ಷದ ಪೆಟ್ರೋಲ್, ಡೀಸೆಲ್ ಕಾರಿಗೆ ಶೇ. 14, 10 ಲಕ್ಷ ದಾಟಿದರೆ ಶೇ. 17, ಮೇಲಿಂದ ಸೆಸ್. ದಾಟಿದ ಭಾಗಕ್ಕೆ ಮಾತ್ರ ಅಲ್ಲ, ಪೂರ್ತಿ ಬೆಲೆಗೆ. ಹತ್ತು ಲಕ್ಷದ ಗೆರೆಯನ್ನು ಹತ್ತು ಸಾವಿರದಿಂದ ದಾಟಿದರೂ ತೆರಿಗೆಯೇ 30,000ಕ್ಕಿಂತ ಜಾಸ್ತಿ ಏರುತ್ತದೆ. ನಿಮ್ಮ ಈಗಿನ ಆಯ್ಕೆ ಆ ಗೆರೆಯ ಹತ್ತಿರವೇ ಇದೆ, ಟಾಪ್ ಮಾಡೆಲ್ ಕೇಳಿದರೆ ಸೀದಾ ಆಚೆ ಬೀಳುತ್ತೀರಿ.

ಇನ್ಶೂರೆನ್ಸಿನಲ್ಲಿ ಮಾತ್ರ ನಮ್ಮ ಊರಲ್ಲಿ ಜಿಪುಣತನ ಬೇಡ. ತೆಂಗಿನಕಾಯಿ ಬಿದ್ದು ಬಾನೆಟ್ ತಗ್ಗಾದರೆ ಸಾಮಾನ್ಯ ಪಾಲಿಸಿಯಲ್ಲೇ ಕ್ಲೇಮ್ ಮಾಡಬಹುದು. ಸಣ್ಣ ತಗ್ಗಾದರೆ ಮಾಡದೆ ಇರುವುದೇ ಲಾಭ, ಮುಂದಿನ ವರ್ಷದ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಉಳಿಯುತ್ತದೆ. ಆದರೆ ಮಳೆ ನೀರಲ್ಲಿ ಹೋಗಿ ಎಂಜಿನ್ ಒಳಗೆ ನೀರು ನುಗ್ಗಿದರೆ ಸಾಮಾನ್ಯ ಪಾಲಿಸಿಯಲ್ಲಿ ಕ್ಲೇಮ್ ತಿರಸ್ಕಾರ ಆಗುವುದೇ ಹೆಚ್ಚು. ಎಂಜಿನ್ ಪ್ರೊಟೆಕ್ಷನ್ ಕವರ್ ಬೇರೆ ಹಾಕಿಸಿ. ಕವರ್ ಇದ್ದರೂ ನೀರಲ್ಲಿ ನಿಂತ ಕಾರನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ. ಒಳಗೆ ನೀರಿರುವಾಗ ಪಿಸ್ಟನ್ ತಳ್ಳಿದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ತಳ್ಳಿ ಹೊರಗೆ ತಂದು ಟೋಯಿಂಗ್‌ಗೆ ಫೋನ್ ಮಾಡಿ.

ಭಾವನ ಮಾತಿಗೆ ಬರುತ್ತೇನೆ. ಅವರು ಹೇಳಿದ್ದು ತಪ್ಪಲ್ಲ. ಐದು ಲಕ್ಷ ಚಿಲ್ಲರೆಗೆ ನಾಲ್ಕು ವರ್ಷ ಹಳೆಯ ಒಳ್ಳೆಯ ಹ್ಯಾಚ್‌ಬ್ಯಾಕ್ ಸಿಕ್ಕಿದರೆ ಒಂದು ವರ್ಷ ಕಾಯಬೇಕಾಗಿಲ್ಲ. ಮೌಲ್ಯ ಜೋರಾಗಿ ಇಳಿಯುವ ವರ್ಷಗಳ ನಷ್ಟ ಮೊದಲನೆಯವರದ್ದು. ಆದರೆ ಹಳೆ ಕಾರಿನ ಸಾಲಕ್ಕೆ ಬಡ್ಡಿ ಹೊಸದಕ್ಕಿಂತ ಜಾಸ್ತಿ, ಶೇ. 12 ಅಂದುಕೊಳ್ಳಿ. ಆಗ ಲಕ್ಷಕ್ಕೆ ಕಂತು 2,224. ಸರ್ವಿಸ್‌ಗೂ ತಿಂಗಳಿಗೆ 700ರಷ್ಟು ಹೆಚ್ಚು ಇಡಿ. ಕಂತಿಗೆ ಉಳಿಯುವುದು 6,200, ಸಾಲದ ಮಿತಿ 2.8 ಲಕ್ಷ. ಎಫ್‌ಡಿಯ ಎರಡು ಲಕ್ಷ ಸೇರಿ 4.8 ಲಕ್ಷ. ಅದರಲ್ಲೂ 40,000 ತೆಗೆದಿಡಿ. ಮೊದಲ ತಿಂಗಳೇ ಟಯರ್, ಬ್ಯಾಟರಿ, ಸರ್ವಿಸ್ ಅಂತ ಹೋಗುತ್ತದೆ. ಹಾಗಾಗಿ ಚೌಕಾಸಿ ಮಾಡಬೇಕಾದದ್ದು 4.4 ಲಕ್ಷದ ಆಸುಪಾಸಿನಲ್ಲಿ.

ನೋಡಲು ಹೋದಾಗ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಸೀಟು, ಮ್ಯಾಟ್ ತೊಳೆದು ಹೊಸದರ ಹಾಗೆ ಮಾಡಬಹುದು, ಬೆಲ್ಟಿನ ಒಳಸುತ್ತಿನಲ್ಲಿ ಕುಳಿತ ಕೆಸರಿನ ಕಲೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಕಾರು ನೆರೆ ನೀರಲ್ಲಿ ನಿಂತಿತ್ತು ಅನ್ನುವುದಕ್ಕೆ ಅದು ಸಾಕ್ಷಿ. ಮ್ಯಾಟ್ ಎತ್ತಿ ನೆಲ ಮುಟ್ಟಿ ನೋಡಿ. ಬಾಗಿಲಿನ ಕೆಳ ಅಂಚಿನ ಒಳಬದಿಯಲ್ಲಿ ಬೆರಳು ಆಡಿಸಿ. ಮಲ್ಪೆ, ಪಡುಕೆರೆ ಕಡೆ ಕಡಲ ಗಾಳಿಗೆ ನಿಂತ ಕಾರಾದರೆ ಬಣ್ಣ ಗುಳ್ಳೆ ಎದ್ದಿರುವುದು ಅಲ್ಲೇ ಮೊದಲು ಸಿಗುತ್ತದೆ. ಆರ್‌ಸಿಯಲ್ಲಿ ಬ್ಯಾಂಕಿನ ಹೈಪೊಥಿಕೇಷನ್, ಅಂದರೆ ಕಾರು ಸಾಲಕ್ಕೆ ಅಡವಿದೆ ಅನ್ನುವ ನಮೂದು, ಇದೆಯಾ ನೋಡಿ. ಇದ್ದರೆ ಸಾಲ ತೀರಿದ ಎನ್‌ಒಸಿ ಮತ್ತು ಆ ನಮೂದು ತೆಗೆಸಲು ಬ್ಯಾಂಕು ಸಹಿ ಮಾಡಿದ ಫಾರ್ಮ್ 35 ಕೈಗೆ ಬರುವವರೆಗೆ ಟೋಕನ್‌ಗಿಂತ ಜಾಸ್ತಿ ಕೊಡಬೇಡಿ. ಹೆಸರು ಬದಲಾದ 14 ದಿನದೊಳಗೆ ಇನ್ಶೂರೆನ್ಸನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಮಾರಿದವರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಅದು ಅವರ ಜೊತೆಯೇ ಹೋಗುತ್ತದೆ. ಹಾಗಾಗಿ ಅವರು ತೋರಿಸುವ ಹಳೆಯ ಪ್ರೀಮಿಯಂ ರಸೀದಿ ನೋಡಿ ನಿಮ್ಮ ಲೆಕ್ಕ ಹಾಕಬೇಡಿ, ಹೊಸದಾಗಿ ಕೊಟೇಶನ್ ತರಿಸಿ.